ಬೆಳಗಿನ ಅಂಕಿ, ರಾತ್ರಿಯ ಅಂಕಿ: ಪೀಕ್ ಫ್ಲೋ ಮೀಟರ್‌ನೊಂದಿಗೆ ನನ್ನ ಅನುಭವ

ಮರಗೆಲಸದ ಕಾರ್ಖಾನೆಯಲ್ಲಿ ಪಾಲಿಷ್ ವಿಭಾಗದಲ್ಲಿದ್ದ ನನಗೆ ಸುಮಾರು ಎರಡು ವರ್ಷಗಳಿಂದ ರಾತ್ರಿ ಹೊತ್ತು ಎದೆ ಬಿಗಿಯುತ್ತಿತ್ತು. ಕೆಲಸದ ವೇಳೆಯಲ್ಲಿ ಅಷ್ಟೇನೂ ತೊಂದರೆ ಇರುತ್ತಿರಲಿಲ್ಲವಾದ್ದರಿಂದ ಮನೆಯವರೂ ನಾನೂ ಹಾಸಿಗೆಯ ಧೂಳನ್ನೇ ದೂರಿದೆವು. ಹಾಸಿಗೆಗೆ ಹೊದಿಕೆ, ಗಾಳಿ ಶುದ್ಧಿ ಮಾಡುವ ಯಂತ್ರ, ಎರಡು ಬಾರಿ ರಕ್ತಪರೀಕ್ಷೆ ಎಂದು ಖರ್ಚು ಮಾಡಿದ ಹಣವನ್ನು ಒಟ್ಟುಗೂಡಿಸಿದರೆ ಎರಡು ತಿಂಗಳ ಸಂಬಳಕ್ಕೆ ಹತ್ತಿರವಾಗುತ್ತದೆ. ಅದರಲ್ಲಿ ಯಾವುದೂ ಉಪಯೋಗಕ್ಕೆ ಬರಲಿಲ್ಲ. ಕಾರಣವನ್ನು ಕೊನೆಗೆ ತೋರಿಸಿದ್ದು ಆ ಖರ್ಚಿನಲ್ಲಿ ತೀರಾ ಸಣ್ಣ ಪಾಲಿನ ಬೆಲೆಯ ಒಂದು ಪ್ಲಾಸ್ಟಿಕ್ ಕೊಳವೆ: ಜೋರಾಗಿ ಊದಿದಾಗ ಉಸಿರು ಹೊರಬರುವ ಗರಿಷ್ಠ ವೇಗವನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ತೋರಿಸುವ ಪೀಕ್ ಫ್ಲೋ ಮೀಟರ್.

ಮೀಟರ್ ನನ್ನ ಬಳಿ ಮೊದಲಿನಿಂದಲೂ ಇತ್ತು, ಆದರೆ ಅದರ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ. ಮೂರು ದಿನ ರಜೆ ಹಾಕಿ ತೋರಿಸಿಕೊಳ್ಳಲು ಹೋದಾಗ ಮಧ್ಯಾಹ್ನ ನಾಲ್ಕರ ಸುಮಾರಿಗೆ ಊದಿಸಿ ನೋಡಿದ ವೈದ್ಯರು, ಅಂಕಿ 490ರ ಆಸುಪಾಸು ಬಂದದ್ದರಿಂದ, "ನಿಮ್ಮ ಎತ್ತರಕ್ಕೂ ವಯಸ್ಸಿಗೂ ಇದು ಸರಿಯಾಗಿಯೇ ಇದೆ" ಎಂದರು. ಅವರು ಹೇಳಿದ್ದು ತಪ್ಪಲ್ಲ. ಆದರೆ ಮೂರು ದಿನ ಕೆಲಸದಿಂದ ದೂರವಿದ್ದ ಮನುಷ್ಯನನ್ನು, ಶ್ವಾಸನಾಳ ದಿನದಲ್ಲೇ ಹೆಚ್ಚು ಅಗಲವಾಗಿರುವ ಹೊತ್ತಿನಲ್ಲಿ, ಒಂದೇ ಬಾರಿ ಊದಿಸಿದರೆ ಸಿಗುವುದು ಆ ಉತ್ತರವೇ. ಅಸ್ತಮಾದ ನಾಳ ಸದಾ ಕಿರಿದಾಗಿರುವುದಿಲ್ಲ, ಕಿರಿದಾಗುತ್ತದೆ ಮತ್ತೆ ತೆರೆದುಕೊಳ್ಳುತ್ತದೆ. ಆದ್ದರಿಂದ ನೋಡಬೇಕಾದದ್ದು ಒಂದು ಅಂಕಿಯನ್ನಲ್ಲ, ಅಂಕಿಗಳ ಏರಿಳಿತವನ್ನು. ದಿನಕ್ಕೆ ನಾಲ್ಕು ಸಲ, ನಾಲ್ಕು ವಾರ ಬರೆಯುತ್ತೇನೆ ಎಂದಾಗ ನಮ್ಮ ವಿಭಾಗದ ಹಿರಿಯರೊಬ್ಬರು, "ಮಕ್ಕಳ ಪೀಪಿ ಊದಿ ರೋಗ ಕಂಡುಹಿಡಿಯುತ್ತೀಯೇನಯ್ಯಾ?" ಎಂದು ನಕ್ಕಿದ್ದರು.

ಮೊದಲ ತಿಂಗಳ ಪುಸ್ತಕ ಪೂರ್ತಿ ವ್ಯರ್ಥವಾಯಿತು. ಅದಕ್ಕೆ ಮುಖ್ಯ ಕಾರಣ ನಾನು ಊದುತ್ತಿದ್ದ ರೀತಿ. ಒಂದು ದಿನ ಅಂಕಿ 620 ದಾಟಿದಾಗ ಹಿಗ್ಗಿ ಅದನ್ನೇ ನನ್ನ ಅತ್ಯುತ್ತಮ ಅಂಕಿ ಎಂದು ಮೇಲೆ ಬರೆದುಕೊಂಡೆ. ಆಮೇಲೆ ಯಾವ ದಿನ ನೋಡಿದರೂ ಅದರ ಮುಕ್ಕಾಲು ಭಾಗವೂ ತುಂಬುತ್ತಿರಲಿಲ್ಲ. ಉಳಿದ ಅಂಕಿಗಳೆಲ್ಲ ಸುಳ್ಳು ಗಾಬರಿ ಹುಟ್ಟಿಸುತ್ತಿದ್ದವು. ಮೀಟರೇ ಕೆಟ್ಟಿದೆ ಎಂದು ಇನ್ನೊಂದನ್ನೂ ಕೊಂಡೆ. ನಿಜ ತಿಳಿದದ್ದು ಕನ್ನಡಿಯ ಮುಂದೆ ನಿಂತು ಊದಿದಾಗ. ನಾನು ಎದೆಯಿಂದ ಊದುತ್ತಿರಲಿಲ್ಲ, ನಾಲಿಗೆಯನ್ನು ಕೊಳವೆಯ ಬಾಯಿಗೆ ಒತ್ತಿ, ಕೆನ್ನೆಯಲ್ಲಿ ಗಾಳಿ ತುಂಬಿ, ಉಗುಳುವಂತೆ ತಟ್ಟನೆ ಬಿಡುತ್ತಿದ್ದೆ. ಮುಳ್ಳು ಹಾರುವುದು ಆ ಮೊದಲ ಕ್ಷಣದ ರಭಸಕ್ಕೆ, ಅದು ಬಾಯಿಯ ಗಾಳಿಯೋ ಎದೆಯ ಗಾಳಿಯೋ ಎಂದು ಮೀಟರ್‌ಗೆ ತಿಳಿಯುವುದಿಲ್ಲ. ಇದನ್ನು ಖಚಿತಪಡಿಸಿಕೊಳ್ಳಲು ಬೇಕೆಂದೇ ಎರಡು ರೀತಿಯಲ್ಲೂ ಹತ್ತು ಹತ್ತು ಸಲ ಊದಿ ನೋಡಿದೆ. ಉಗುಳುವ ರೀತಿಯಲ್ಲಿ ಸುಮಾರು ನೂರು ಲೀಟರ್ ಹೆಚ್ಚು ಬರುತ್ತಿತ್ತು, ಮೂರು ಊದುಗಳ ನಡುವೆ ಹೊಂದಾಣಿಕೆಯೂ ಇರುತ್ತಿರಲಿಲ್ಲ. ಆ ಹೊಂದಾಣಿಕೆ ಇಲ್ಲದಿರುವುದೇ ತಪ್ಪಿನ ಗುರುತು.

ಅಲ್ಲಿಂದ ಮುಂದೆ ನಾನು ಕಟ್ಟುನಿಟ್ಟಾಗಿ ಪಾಲಿಸಿದ ಕ್ರಮ ಹೀಗಿದೆ. ಮುಳ್ಳನ್ನು ಕೆಳಗಿನ ತುದಿಗೆ ತಳ್ಳಿ, ಎದ್ದು ನಿಂತು, ಮೀಟರನ್ನು ಅಡ್ಡಲಾಗಿ, ಬೆರಳುಗಳು ಮುಳ್ಳು ಓಡುವ ಸೀಳಿಗೂ ಹಿಂಬದಿಯ ತೂತುಗಳಿಗೂ ತಾಗದಂತೆ ಹಿಡಿಯುತ್ತೇನೆ. ಎದೆ ತುಂಬುವಷ್ಟು, ಇನ್ನು ಒಂದು ಗುಟುಕೂ ಹಿಡಿಯದಷ್ಟು ಉಸಿರೆಳೆದು, ಕೊಳವೆಯನ್ನು ಹಲ್ಲುಗಳ ನಡುವೆ ನಾಲಿಗೆಯ ಮೇಲೆ ಇಟ್ಟು, ತುಟಿಗಳನ್ನು ಸುತ್ತಲೂ ಬಿಗಿಯಾಗಿ ಮುಚ್ಚಿ, ತಡಮಾಡದೆ ಒಂದೇ ಏಟಿಗೆ ಎಷ್ಟು ಜೋರಾಗಿ ಸಾಧ್ಯವೋ ಅಷ್ಟು ಜೋರಾಗಿ ಬಿಡುತ್ತೇನೆ. ಉಸಿರೆಲ್ಲ ಖಾಲಿಯಾಗುವವರೆಗೆ ಊದುತ್ತಲೇ ಇರಬೇಕಾಗಿಲ್ಲ, ಏಕೆಂದರೆ ಗರಿಷ್ಠ ವೇಗ ಬರುವುದು ಸೆಕೆಂಡಿನ ಮೊದಲ ಸಣ್ಣ ಅಂಶದಲ್ಲೇ. "ತಡಮಾಡದೆ" ಎಂಬ ಮಾತನ್ನು ಹಲವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಉಸಿರು ತುಂಬಿದ ಮೇಲೆ ನಾಲ್ಕೈದು ಸೆಕೆಂಡು ಹಿಡಿದಿಟ್ಟು ಬಿಟ್ಟರೆ ನನ್ನ ಅಂಕಿ ಮೂವತ್ತು ನಲವತ್ತು ಲೀಟರ್ ಇಳಿಯುತ್ತಿತ್ತು. ಕತ್ತು ಬಗ್ಗಿಸಿ ಮುಳ್ಳನ್ನು ನೋಡುತ್ತಾ ಊದಿದರೂ ಅಂಕಿ ಕಡಿಮೆಯಾಗುತ್ತಿತ್ತು. ಕುಳಿತು ಊದಿದಾಗ ಅಷ್ಟೊಂದು ವ್ಯತ್ಯಾಸ ಕಾಣಲಿಲ್ಲ, ಆದರೂ ಒಂದು ದಿನ ಕುಳಿತು ಒಂದು ದಿನ ನಿಂತು ಊದಿದರೆ ಹೋಲಿಕೆ ಕೆಡುತ್ತದೆ ಎಂದು ನಿಲ್ಲುವುದನ್ನೇ ಉಳಿಸಿಕೊಂಡೆ.

ಪ್ರತಿ ಸಲವೂ ಮೂರು ಊದು, ಮೂರನ್ನೂ ಬರೆದು ದೊಡ್ಡದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಸರಾಸರಿ ತೆಗೆಯಬಾರದು. ದೊಡ್ಡವೆರಡರ ನಡುವೆ 40 ಲೀಟರ್‌ಗಿಂತ ಹೆಚ್ಚಿನ ಅಂತರವಿದ್ದರೆ ಇನ್ನೊಂದು ಸಲ ಊದುತ್ತಿದ್ದೆ. ಕೆಲವು ರಾತ್ರಿ 390, 370, 345 ಎಂದು ಒಂದರ ಹಿಂದೊಂದು ಇಳಿಯುತ್ತಾ ಹೋಗುತ್ತಿತ್ತು. ಅದು ಸೋಮಾರಿತನದ ಊದಲ್ಲ, ಕೆರಳಿದ ನಾಳ ಜೋರಾಗಿ ಊದಿದ್ದಕ್ಕೇ ಇನ್ನಷ್ಟು ಬಿಗಿಯುತ್ತಿದೆ ಎಂದರ್ಥ. ಅಂಥ ಹೊತ್ತಿನಲ್ಲಿ ನಾಲ್ಕನೆಯದಕ್ಕೆ ಹೋಗದೆ ನಿಲ್ಲಿಸುತ್ತಿದ್ದೆ.

ಎರಡನೆಯ ತಿಂಗಳಲ್ಲೂ ಒಂದು ವಾರ ಹಾಳಾಯಿತು. ಹೊಸದಾಗಿ ಕೊಂಡ ಮೀಟರನ್ನು ಕೆಲಸದ ಜಾಗದಲ್ಲಿಟ್ಟು ಹಳೆಯದನ್ನು ಮನೆಯಲ್ಲಿಟ್ಟುಕೊಂಡಿದ್ದೆ. ಹಳೆಯದರಲ್ಲಿದ್ದದ್ದು ರೈಟ್ ಎಂಬ ಹಳೆಯ ಅಳತೆಪಟ್ಟಿ, ಹೊಸದರಲ್ಲಿ ಅದರ ಬದಲಿಗೆ ಬಂದ ಯುರೋಪಿನ ಇಯು ಅಳತೆಪಟ್ಟಿ. ಹಳೆಯ ಪಟ್ಟಿ ಮಧ್ಯದ ಭಾಗದಲ್ಲಿ ಹೆಚ್ಚು ತೋರಿಸುತ್ತದೆ ಎಂಬುದು ಬಲ್ಲವರಿಗೆ ಗೊತ್ತಿರುವ ಸಂಗತಿ, ನನಗೆ ಮಾತ್ರ ಆಗ ಹೊಳೆಯಲಿಲ್ಲ. ಕೆಲಸದ ಜಾಗದಲ್ಲಿ ಅಂಕಿ ಬೀಳುತ್ತದೆ, ಮನೆಗೆ ಬಂದೊಡನೆ ಏರುತ್ತದೆ ಎಂದು ಸಂಭ್ರಮಪಟ್ಟೆ. ಒಂದೇ ಹೊತ್ತಿನಲ್ಲಿ ಎರಡನ್ನೂ ಊದಿ ನೋಡಿದಾಗ ಸುಮಾರು 50 ಲೀಟರ್ ಅಂತರ ಮೀಟರ್‌ಗಳದ್ದೇ ಎಂದು ತಿಳಿಯಿತು. ಆ ವಾರವನ್ನು ಕೈಬಿಟ್ಟು, ಒಂದೇ ಮೀಟರನ್ನು ಜೇಬಿನಲ್ಲಿ ಹೊತ್ತು ತಿರುಗಿದೆ.

ಸಮಯಗಳು ನಾಲ್ಕು: ಎದ್ದ ಕೂಡಲೇ, ಮಧ್ಯಾಹ್ನ, ಕೆಲಸ ಬಿಟ್ಟ ಮೇಲೆ, ಮಲಗುವ ಮುನ್ನ. ಇನ್‌ಹೇಲರ್ ತೆಗೆದುಕೊಳ್ಳುವ ಮುಂಚೆಯೇ ಊದುವುದು, ತೆಗೆದುಕೊಂಡಿದ್ದರೆ ಪಕ್ಕದಲ್ಲಿ ಗುರುತು ಹಾಕುವುದು. ದಿನನಿತ್ಯದ ಸ್ಟೀರಾಯ್ಡ್ ಇನ್‌ಹೇಲರ್‌ನ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ಅಷ್ಟೂ ದಿನ ಒಂದೇ ರೀತಿ ಇಟ್ಟುಕೊಂಡೆ, ನಡುವೆ ಔಷಧ ಬದಲಾದರೆ ಏರಿಳಿತಕ್ಕೆ ಕಾರಣ ಯಾವುದೆಂದು ಹೇಳಲಾಗುವುದಿಲ್ಲ. ಹಿಂದಿನ ದಿನದ ಅಂಕಿ ಕಣ್ಣಿಗೆ ಬಿದ್ದರೆ ಮನಸ್ಸು ಅದಕ್ಕೆ ಹೊಂದುವಂತೆ ಊದಿಸುತ್ತದೆ. ಅದನ್ನು ತಪ್ಪಿಸಲು ಪುಸ್ತಕದಲ್ಲಿ ನಾನೊಂದು ಏರ್ಪಾಡು ಮಾಡಿಕೊಂಡಿದ್ದೆ, ಆದರೆ ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇನ್ನು ಅಂಕಿಗಳ ಮಾತು. ವಾರದಲ್ಲಿ ಎರಡು ದಿನ, ಸೋಮವಾರ ಮತ್ತು ಗುರುವಾರ, ನಮ್ಮಲ್ಲಿ ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಷ್‌ಗೆ ಅದನ್ನು ಗಟ್ಟಿಮಾಡುವ ಹಾರ್ಡನರ್ ಬೆರೆಸಿ ಸ್ಪ್ರೇ ಗನ್‌ನಲ್ಲಿ ಹೊಡೆಯುತ್ತಿದ್ದೆವು. ಉಳಿದ ದಿನಗಳಲ್ಲಿ ಮರ ಉಜ್ಜುವ ಕೆಲಸ. ಒಂದು ಗುರುವಾರ ಎದ್ದಾಗ 450 ಇತ್ತು, ಮಧ್ಯಾಹ್ನ 440, ಕೆಲಸ ಬಿಟ್ಟಾಗ 390, ಮಲಗುವಾಗ 360. ಆ ದಿನದ ಅತಿ ಹೆಚ್ಚಿನ ಅಂಕಿಯಿಂದ ಅತಿ ಕಡಿಮೆಯದನ್ನು ಕಳೆದರೆ 90, ಆ ಎರಡರ ಸರಾಸರಿ 405, ಅಂದರೆ ಶೇಕಡಾ 22ರ ಏರಿಳಿತ. ಮರುದಿನ ಬೆಳಗ್ಗೆ ಇನ್ನೂ ಇಳಿದು 350. ಶನಿವಾರದ ಹೊತ್ತಿಗೆ 420, ಭಾನುವಾರ 460, ಸೋಮವಾರ ಮತ್ತೆ ಇಳಿಮುಖ. ಹೀಗೆ ದಿನದಿನದ ಶೇಕಡಾವಾರು ತೆಗೆದು ಎರಡು ವಾರದ ಸರಾಸರಿ ಮಾಡಿದಾಗ ಹದಿನೈದರ ಮೇಲೆಯೇ ಬಂತು. ವಯಸ್ಕರಲ್ಲಿ ಈ ಸರಾಸರಿ ಶೇಕಡಾ 10 ದಾಟಿದರೆ ಅತಿಯಾದ ಏರಿಳಿತ ಎಂದು ಲೆಕ್ಕ, ಮಕ್ಕಳಲ್ಲಿ ಆ ಗೆರೆ 13.

ಧೂಳು ಹೆಚ್ಚಿದ್ದ ಉಜ್ಜುವ ದಿನಗಳಲ್ಲಿ ಅಂಕಿ ಬೀಳದೆ, ಸ್ಪ್ರೇ ಹೊಡೆದ ದಿನಗಳಲ್ಲಿ ಅದೂ ಸಂಜೆಯಾದ ಮೇಲೆ ಬೀಳುತ್ತಿದ್ದದ್ದು ನನ್ನ ಕಣ್ಣು ತೆರೆಸಿತು. ಹಾರ್ಡನರ್‌ನಲ್ಲಿರುವ ಐಸೊಸಯನೇಟ್‌ಗೆ ಒಮ್ಮೆ ಮೈ ಒಗ್ಗದಂತಾದರೆ ಬಹಳ ಸ್ವಲ್ಪವೇ ಸಾಕು, ಮತ್ತು ನಾಳ ಬಿಗಿಯುವುದು ಎಷ್ಟೋ ಸಲ ಹಲವು ಗಂಟೆಗಳ ನಂತರ. ಆದ್ದರಿಂದಲೇ ಕೆಲಸದ ವೇಳೆ ಚೆನ್ನಾಗಿದ್ದು ರಾತ್ರಿ ನರಳುತ್ತಿದ್ದೆ, ಮತ್ತು ಅದಕ್ಕೇ ಹಾಸಿಗೆಗೆ ಬೈಗುಳ ಬಿದ್ದದ್ದು. ನಾನು ಹಾಕಿಕೊಳ್ಳುತ್ತಿದ್ದ ಧೂಳಿನ ಮುಖಗವಸು ಆ ಆವಿಯನ್ನು ತಡೆಯುವಂಥದ್ದಾಗಿರಲಿಲ್ಲ.

ಐದನೆಯ ವಾರದಿಂದ ಹತ್ತು ದಿನ ರಜೆ ತೆಗೆದುಕೊಂಡು, ಅದೇ ಮನೆಯಲ್ಲಿ, ಅದೇ ಹಾಸಿಗೆಯಲ್ಲಿ ಮಲಗಿ ಬರೆಯುವುದನ್ನು ಮುಂದುವರಿಸಿದೆ. ಮೂರನೆಯ ದಿನದವರೆಗೆ ಏರಿಕೆ ನಿಧಾನವಾಗಿತ್ತು. ಆರನೆಯ ದಿನ ಎದ್ದಾಗ 500, ಸಂಜೆ 515, ಅಂದರೆ ಶೇಕಡಾ 3. ಆ ದಿನಗಳ 520ರ ಸುಮಾರಿನ ಅಂಕಿಯೇ ನನ್ನ ನಿಜವಾದ ಅತ್ಯುತ್ತಮ ಅಂಕಿ ಎಂದು ಆಮೇಲೆ ನಿಗದಿಯಾಯಿತು. ಈಗ ಅದರ ಶೇಕಡಾ 80ರ ಕೆಳಗೆ, ಎಂದರೆ 415ರ ಸುಮಾರಿಗೆ ಇಳಿದರೆ ವೈದ್ಯರು ಬರೆದುಕೊಟ್ಟ ಕ್ರಮ ಶುರುಮಾಡುತ್ತೇನೆ. ಅರ್ಧಕ್ಕೆ, ಅಂದರೆ 260ಕ್ಕೆ ಇಳಿದರೆ ನಾಳವನ್ನು ಬೇಗ ತೆರೆಸುವ ಸಾಲ್ಬುಟಮಾಲ್ ಇನ್‌ಹೇಲರ್ ತೆಗೆದುಕೊಂಡು ನೇರ ಆಸ್ಪತ್ರೆಗೆ ಹೋಗಬೇಕು. ಮಾತನಾಡಲೂ ಉಸಿರು ಸಾಲದಿದ್ದರೆ ಮೀಟರ್ ಹುಡುಕುತ್ತಾ ಕೂರಬಾರದು.

ನಡುವೆ ಒಮ್ಮೆ ನೆಗಡಿಯಾದದ್ದು ಇನ್ನೊಂದು ವಿಷಯ ತಿಳಿಸಿತು. ಆ ನಾಲ್ಕು ದಿನ ಅಂಕಿ 400ರ ಕೆಳಗೇ ಇತ್ತು, ಆದರೆ ಬೆಳಗ್ಗೆಗೂ ರಾತ್ರಿಗೂ ಹೆಚ್ಚು ಅಂತರವಿರಲಿಲ್ಲ, ಇನ್‌ಹೇಲರ್ ತೆಗೆದುಕೊಂಡು ಹದಿನೈದು ನಿಮಿಷದ ನಂತರ ಊದಿದರೂ ಎಂದಿನಷ್ಟು ಏರುತ್ತಿರಲಿಲ್ಲ. ಗ್ರಾಫ್‌ನಲ್ಲಿ ಅದು ಗರಗಸದ ಹಲ್ಲಿನಂತೆ ಕಾಣದೆ ತಗ್ಗಿನಂತೆ ಕಾಣುತ್ತದೆ. ಆ ದಿನಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ ಲೆಕ್ಕದಿಂದ ಹೊರಗಿಟ್ಟೆ. ಮೀಟರ್ ತೋರಿಸುವುದು ಹೆಚ್ಚಾಗಿ ದೊಡ್ಡ ನಾಳಗಳ ಸ್ಥಿತಿಯನ್ನು, ಸಣ್ಣ ನಾಳಗಳು ಕಿರಿದಾಗಿದ್ದರೂ ಅಂಕಿ ಚೆನ್ನಾಗಿಯೇ ಬರಬಹುದು ಎಂಬುದೂ ನೆನಪಿರಲಿ.

ಗ್ರಾಫ್ ಹಾಳೆಯಲ್ಲಿ ಸ್ಪ್ರೇ ದಿನಗಳಿಗೆ ಕೆಂಪು ಪಟ್ಟಿ ಎಳೆದು ಎದೆರೋಗ ತಜ್ಞರ ಮೇಜಿನ ಮೇಲೆ ಹರಡಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. "ಇಷ್ಟು ಶುದ್ಧವಾಗಿ ಬರೆದ ಪುಸ್ತಕ ನನ್ನ ಬಳಿ ಬರುವುದು ಅಪರೂಪ" ಎಂದು ಹೇಳಿ, ಮುಂದಿನ ಪರೀಕ್ಷೆಗಳನ್ನು ಮಾಡಿಸಿ, ಐಸೊಸಯನೇಟ್‌ನಿಂದ ಬಂದ ಅಸ್ತಮಾ ಎಂದು ಬರೆದುಕೊಟ್ಟರು. ಆ ಮಾತನ್ನು ನಾನು ಈಗಲೂ ಹೆಮ್ಮೆಯಿಂದ ನೆನೆಯುತ್ತೇನೆ. ಆ ಚೀಟಿಯ ಮೇಲೆ ನನ್ನನ್ನು ಬಿಡಿಭಾಗಗಳನ್ನು ಜೋಡಿಸುವ ವಿಭಾಗಕ್ಕೆ, ಸ್ಪ್ರೇ ಕೋಣೆಯಿಂದ ದೂರದ ಇನ್ನೊಂದು ಕಟ್ಟಡಕ್ಕೆ ಬದಲಾಯಿಸಿದರು. ಎಂಟು ತಿಂಗಳಾಯಿತು. ಕಳೆದ ವಾರದ ಏರಿಳಿತದ ಸರಾಸರಿ ಶೇಕಡಾ 5. ಪೀಪಿ ಎಂದು ನಕ್ಕಿದ್ದ ಹಿರಿಯರು ಮೊನ್ನೆ, ತಮಗೂ ರಾತ್ರಿ ಕೆಮ್ಮು ಬರುತ್ತಿದೆ ಎಂದು ಹೇಳಿ, ಕೊಳವೆಯನ್ನು ಹೇಗೆ ಹಿಡಿಯುವುದೆಂದು ಕೇಳಿದರು. ಅವರನ್ನು ಮೊದಲು ಕನ್ನಡಿಯ ಮುಂದೆ ನಿಲ್ಲಿಸಿ ಊದಿಸಿದೆ.