ಸಾಲ ಮಾಡದೆ ಬೈಕ್ ತಗೊಂಡೆ: ದಾವಣಗೆರೆಯ ಡೆಲಿವರಿ ಹುಡುಗನ ಲೆಕ್ಕ

ಡೆಲಿವರಿ ಮಾಡುವವನು ಕ್ಯಾಶ್ ಕೊಟ್ಟು ಬೈಕ್ ತಗೊಳ್ಳೋದಾ ಅಂತ ವಿದ್ಯಾನಗರದ ಪಾಯಿಂಟ್‌ನಲ್ಲಿ ಎಲ್ಲರೂ ನಕ್ಕಿದ್ದರು. ಬೈಕ್ ಈಗ ಅವರ ಕಣ್ಣೆದುರಿಗೇ ನಿಲ್ಲುತ್ತದೆ, ಆರ್‌ಸಿಯಲ್ಲಿ ಫೈನಾನ್ಸ್ ಹೆಸರಿಲ್ಲ.

ಆಗ ಆನ್‌ರೋಡ್ ಬೆಲೆ ಹತ್ತಿರ ಹತ್ತಿರ 1 ಲಕ್ಷ. ನನ್ನ ಕೈಯಲ್ಲಿ 25 ಸಾವಿರ ಇತ್ತು. ಉಳಿದ 75 ಸಾವಿರಕ್ಕೆ ಶೋರೂಮಿನವರು ಹೇಳಿದ್ದು '11 ಪರ್ಸೆಂಟ್', ಎರಡು ವರ್ಷ, ಕಂತು 3,800ರ ಆಸುಪಾಸು. ಅದು ಫ್ಲಾಟ್ ಬಡ್ಡಿ. ಅಸಲು ತೀರುತ್ತಾ ಬಂದರೂ ಕೊನೆಯ ಕಂತಿನವರೆಗೆ ಪೂರ್ತಿ 75 ಸಾವಿರಕ್ಕೇ ಬಡ್ಡಿ ಹಾಕುತ್ತಾರೆ. ಹಾಗಾಗಿ ಬಡ್ಡಿಯೇ 16 ಸಾವಿರ ದಾಟುತ್ತದೆ, ಇಳಿಯುವ ಅಸಲಿನ ಲೆಕ್ಕದಲ್ಲಿ ನೋಡಿದರೆ ದರ 20ರ ಹತ್ತಿರ. ಪ್ರೊಸೆಸಿಂಗ್ ಫೀ ಬೇರೆ.

ಆದರೆ ನಾನು ಹೆದರಿದ್ದು ಬಡ್ಡಿಗಲ್ಲ, ತಾರೀಖಿಗೆ. ಕಾಲೇಜುಗಳಿಗೆ ರಜೆ ಬಿಟ್ಟರೆ ನಮ್ಮೂರಲ್ಲಿ ಆರ್ಡರ್ ಬಿದ್ದೇ ಹೋಗುತ್ತದೆ, ಗೊತ್ತಲ್ವಾ? ನಮಗೆ ದುಡ್ಡು ಬರೋದು ವಾರಕ್ಕೊಮ್ಮೆ, ಕಂತು ಕಟ್ ಆಗೋದು 5ನೇ ತಾರೀಖು. ಜೊತೆಗಾರನೊಬ್ಬನಿಗೆ ಖಾತೆಯಲ್ಲಿ ಇನ್ನೂರು ರೂಪಾಯಿ ಕಡಿಮೆ ಇದ್ದದ್ದಕ್ಕೆ ಕಂತು ಬೌನ್ಸ್ ಆಯಿತು. ಫೈನಾನ್ಸಿನವರು ಒಂದಿಷ್ಟು, ಬ್ಯಾಂಕಿನವರು ಒಂದಿಷ್ಟು, ಮೇಲೆ ಜಿಎಸ್‌ಟಿ, ಎಲ್ಲಾ ಸೇರಿ ಸಾವಿರದ ಹತ್ತಿರ ಹೋಯಿತು.

ಮೊದಲು ಆರ್‌ಡಿ ಮಾಡಿದೆ. ತಿಂಗಳಿಗೆ ಇಷ್ಟೇ ಅಂತ ಕಟ್ಟಬೇಕು, ಮೂರನೇ ತಿಂಗಳಿಗೇ ನಿಂತಿತು. ಚೀಟಿಗೆ ಸೇರೋಣ ಅಂದರೆ ಅಲ್ಲೂ ತಾರೀಖೇ ರಾಜ. ಕೊನೆಗೆ ಕೈ ಹಿಡಿದಿದ್ದು ಪಿಗ್ಮಿ. ದಿನದ ದುಡಿಮೆಯಲ್ಲಿ ಪೆಟ್ರೋಲ್ ಕಳೆದು ಉಳಿದದ್ದರಲ್ಲಿ ಕಾಲು ಭಾಗ ಪಿಗ್ಮಿಯವರ ಕೈಗೆ. ಮಳೆ ಬಂದು ಇನ್ಸೆಂಟಿವ್ ಸಿಕ್ಕ ದಿನ 350, ಸಪ್ಪೆ ದಿನ 50. ಬಡ್ಡಿ ಹೆಸರಿಗಷ್ಟೇ, ಅವಧಿಗೆ ಮೊದಲು ತೆಗೆದರೆ ಅದೂ ಇಲ್ಲ. ಆದರೂ ತಿಂಗಳಿಗೆ ಸರಾಸರಿ 5 ಸಾವಿರ ಬಿತ್ತು.

ಕಾಯೋದೇನೂ ಪುಕ್ಕಟೆಯಲ್ಲ. ಹಳೇ ಗಾಡಿಗೆ ಆ ವರ್ಷ ಚೈನ್ ಸ್ಪ್ರಾಕೆಟ್, ಕ್ಲಚ್ ಪ್ಲೇಟ್, ಟೈರ್ ಅಂತ 7-8 ಸಾವಿರ ಸುರಿದೆ. ಮಧ್ಯೆ ದಿನಬಾಡಿಗೆಗೆ ಎಲೆಕ್ಟ್ರಿಕ್ ಗಾಡಿ ಓಡಿಸಿಯೂ ನೋಡಿದೆ. ಆರ್ಡರ್ ಇರಲಿ ಬಿಡಲಿ ಬಾಡಿಗೆ ಕೊಡಲೇಬೇಕು, ವಾರಕ್ಕೇ ವಾಪಸ್ ಕೊಟ್ಟೆ. ಅದೃಷ್ಟವೂ ಇತ್ತು ಅನ್ನಿ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು, ನನಗೆ ಆರು ಸಾವಿರದ ಮೇಲೆ ಉಳಿಯಿತು. ಹಳೇದನ್ನು 15 ಸಾವಿರಕ್ಕೆ ಮಾರಿದೆ.

ಕ್ಯಾಶ್ ಅಂದ ಕೂಡಲೇ ಶೋರೂಮಿನವರ ಮುಖ ಸಣ್ಣಗಾಗುತ್ತದೆ, ಸಾಲ ಮಾಡಿಸಿದರೆ ಅವರಿಗೆ ಕಮಿಷನ್ ಅಲ್ವಾ. ಕೊಟೇಷನ್ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಹ್ಯಾಂಡ್ಲಿಂಗ್ ಚಾರ್ಜ್ ಹೇಗೆ ತೆಗೆಸಿದೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ.

ಓಡುವ ಗಾಡಿಯೇ ಇಲ್ಲದವನಿಗೆ ಈ ದಾರಿ ಆಗಲ್ಲ, ಗಾಡಿ ಇಲ್ಲದೆ ಪಿಗ್ಮಿಗೆ ದುಡ್ಡೆಲ್ಲಿಂದ? ಅಂಥವರು ಸಾಲವನ್ನೇ ಮಾಡಿ, ಆದರೆ ಡೌನ್‌ಪೇಮೆಂಟ್ ಜಾಸ್ತಿ ಕಟ್ಟಿ, ಅವಧಿ ಕಡಿಮೆ ಇಡಿ, ಒಂದು ಕಂತಿನಷ್ಟು ದುಡ್ಡನ್ನು ಆ ಖಾತೆಯಲ್ಲಿ ಯಾವಾಗಲೂ ಮುಟ್ಟದೆ ಬಿಡಿ.