ಅರ್ಧ ಸೈಜಿನ ಜೆರಾಕ್ಸ್ ಮತ್ತು ಆಯ್ಲರ್ ರೇಖೆ

ಗುರುತ್ವ ಕೇಂದ್ರ, ಪರಿಕೇಂದ್ರ, ಲಂಬಕೇಂದ್ರ. ತ್ರಿಭುಜದ ಈ ಮೂರೂ ಬಿಂದುಗಳು ಆಯ್ಲರ್ ರೇಖೆ ಎಂಬ ಒಂದೇ ಗೆರೆಯ ಮೇಲೆ ಬರುತ್ತವೆ ಎಂದು ಬರೆದು ತೋರಿಸುವುದು ನಮಗೆಲ್ಲ ಗೊತ್ತು. ಯಾಕೆ ಬರುತ್ತವೆ ಎನ್ನುವುದನ್ನು ಒಂಬತ್ತನೇ ಕ್ಲಾಸಿನ ಮಕ್ಕಳ ಬಾಯಲ್ಲೇ ಹೇಳಿಸಬೇಕು ಎಂಬುದು ನನ್ನ ಹಟವಾಗಿತ್ತು. ಎರಡು ಪ್ಲಾಸ್ಟಿಕ್ ಹಾಳೆ ಮತ್ತು ಒಂದು ಗುಂಡುಪಿನ್ನಿನಲ್ಲಿ ಅದು ಆಗುತ್ತದೆ ಎಂದಾಗ ನಮ್ಮ ಕಡೆಯ ಗಣಿತ ಮೇಷ್ಟ್ರುಗಳು ನಂಬಲಿಲ್ಲ. "ಆಟ ಆಡಿಸ್ತೀರಿ ಅಷ್ಟೇ ಸಾರ್, ಸಾಧನೆ ಎಲ್ಲಿ ಬಂತು?" ಎಂದರು. ಈಗ ಅವರಲ್ಲಿ ಇಬ್ಬರು ನನ್ನ ಹಾಳೆಗಳನ್ನು ಒಯ್ದು ತಮ್ಮ ಕ್ಲಾಸಿನಲ್ಲಿ ಬಳಸುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೆಲಸಕ್ಕೆ ಬಾರದ್ದನ್ನು ಹೇಳುತ್ತೇನೆ. ಬಡಗಿಯ ಹತ್ತಿರ ಪ್ಲೈವುಡ್ ಹಲಗೆ ಮಾಡಿಸಿ, ಮೊಳೆ ಹೊಡೆದು, ದಾರ ಕಟ್ಟಿದೆ. ಹತ್ತಿರ ಹತ್ತಿರ ಆರುನೂರು ರೂಪಾಯಿ ಹೋಯಿತು. ಮೊಳೆಯ ದಪ್ಪಕ್ಕೇ ದಾರ ಎರಡು ಮಿಲಿಮೀಟರ್ ಸರಿಯುತ್ತದೆ. ಮೂರು ಎತ್ತರಗಳು ಒಂದು ಬಿಂದುವಿನಲ್ಲಿ ಸೇರುವ ಬದಲು ಪುಟ್ಟ ತ್ರಿಭುಜ ಮಾಡಿಕೊಂಡು ಕೂರುತ್ತವೆ. ಆಮೇಲೆ ಕಾಗದದ ಮೇಲೆ ಬರೆಸಿದೆ. ಅದಕ್ಕೆ ನಮ್ಮೆಲ್ಲರ ಪ್ರೀತಿಯ 13, 14, 15 ತ್ರಿಭುಜವನ್ನೇ ಹಿಡಿದೆ. ಈ ಕೆಲಸಕ್ಕೆ ಅದು ಆಗುವುದಿಲ್ಲ. ಸೆಂಟಿಮೀಟರಿನಲ್ಲಿ ಬರೆದರೆ ಪರಿಕೇಂದ್ರಕ್ಕೂ ಲಂಬಕೇಂದ್ರಕ್ಕೂ ನಡುವೆ ಇರುವುದು ಬರೀ ಎರಡು ಸೆಂಟಿಮೀಟರ್. ಅದರೊಳಗೆ ಗುರುತ್ವ ಕೇಂದ್ರವೂ ಬರಬೇಕು. ಒಂದು ಮಿಲಿಮೀಟರ್ ತಪ್ಪಿದರೆ ಗೆರೆಯ ದಿಕ್ಕೇ ಬದಲಾಗುತ್ತದೆ. ಸಮಬಾಹುವಿಗೆ ಹತ್ತಿರವಾದ ತ್ರಿಭುಜಗಳೆಲ್ಲ ಹೀಗೇ. ಪೂರ್ತಿ ಸಮಬಾಹುವಾದರೆ ಮೂರೂ ಬಿಂದು ಒಂದೇ ಆಗಿಬಿಡುತ್ತವೆ, ಗೆರೆಯೇ ಇರುವುದಿಲ್ಲ.

ನಾನು ಕೊನೆಗೆ ಆರಿಸಿಕೊಂಡ ತ್ರಿಭುಜ ಇದು. ಗ್ರಾಫ್ ಹಾಳೆಯಲ್ಲಿ B(0,0), C(18,0), A(3,15). ಲೆಕ್ಕ ಹಾಕಿ ನೋಡಿ, ಗುರುತ್ವ ಕೇಂದ್ರ G(7,5), ಪರಿಕೇಂದ್ರ O(9,6), ಲಂಬಕೇಂದ್ರ H(3,3). ಎಲ್ಲವೂ ಪೂರ್ಣಾಂಕ! O ಯಿಂದ G ಗೆ ಎಡಕ್ಕೆ 2, ಕೆಳಗೆ 1. G ಯಿಂದ H ಗೆ ಎಡಕ್ಕೆ 4, ಕೆಳಗೆ 2. O ಯಿಂದ H ವರೆಗೆ ಸುಮಾರು 6.7 ಸೆಂಟಿಮೀಟರ್, A4 ಹಾಳೆಯಲ್ಲಿ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಹೀಗೆ ಎಲ್ಲ ಪೂರ್ಣಾಂಕ ಬರುವ ತ್ರಿಭುಜಗಳನ್ನು ಹುಡುಕುವುದಕ್ಕೆ ನನ್ನದೊಂದು ದಾರಿ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಈಗ ವಿಧಾನ. ಈ ತ್ರಿಭುಜವನ್ನು ಬಿಳಿ ಹಾಳೆಯ ಮೇಲೆ ಸಣ್ಣ ಮೊನೆಯ ಪೆನ್ನಿನಲ್ಲಿ ಬರೆಯಿರಿ. ಮೂರು ಎತ್ತರಗಳನ್ನು ಎಳೆದು H ಗುರುತಿಸಿ. G ಯನ್ನೂ ಗುರುತಿಸಿ. ಲಂಬಾರ್ಧಕ ಎಳೆಯಬೇಡಿ, O ಹಾಕಬೇಡಿ. ಇದೇ ಚಿತ್ರವನ್ನು ಓಎಚ್‌ಪಿ ಹಾಳೆಯ ಮೇಲೆ ಒಂದು ಜೆರಾಕ್ಸ್ ಪೂರ್ತಿ ಸೈಜಿಗೆ, ಇನ್ನೊಂದು ಶೇ. 50ಕ್ಕೆ ತೆಗೆಸಿ. ಮಶೀನಿಗೆ ಹಾಕುವ ಓಎಚ್‌ಪಿ ಹಾಳೆಯೇ ಆಗಬೇಕು. ಪುಸ್ತಕಕ್ಕೆ ಹೊದಿಸುವ ಪ್ಲಾಸ್ಟಿಕ್ ಹಾಕಿದರೆ ಒಳಗೆ ಶಾಖಕ್ಕೆ ಕರಗಿ ಅಂಟಿಕೊಳ್ಳುತ್ತದೆ, ಅಂಗಡಿಯವರು ಬೈಯುವುದು ನ್ಯಾಯವೇ. ನನಗೆ ಹಾಳೆಗೆ ಹದಿನೈದು ಇಪ್ಪತ್ತು ರೂಪಾಯಿ ಬಿತ್ತು. ಇಡೀ ಕ್ಲಾಸಿಗೆ ಗುಂಪು ಮಾಡಿ ಹಂಚಿದರೂ ಇನ್ನೂರೈವತ್ತು ದಾಟಲಿಲ್ಲ.

ಅಂಗಡಿಯಲ್ಲೇ ಸ್ಕೇಲ್ ಇಟ್ಟು ಅಳೆಯಿರಿ. 18 ಇದ್ದ ಪಾದ 9 ಆಗಿರಬೇಕು, 15 ಇದ್ದ ಎತ್ತರ 7.5 ಆಗಿರಬೇಕು. ಅಡ್ಡಕ್ಕೂ ಉದ್ದಕ್ಕೂ ಎರಡೂ ನೋಡಿ. ಒಂದು ಕಡೆ ಸರಿಯಿದ್ದು ಇನ್ನೊಂದು ಕಡೆ ಮಿಲಿಮೀಟರ್ ಕಮ್ಮಿಯಾದ ಹಾಳೆಗಳು ನನಗೆ ಬಂದಿವೆ. ಅಂಥದ್ದನ್ನು ಅಲ್ಲೇ ವಾಪಸ್ ಕೊಡಿ. ಇನ್ನೊಂದು ಮಾತು: ತ್ರಿಭುಜದ ಅಂಚಿಗೆ ಕತ್ತರಿಸಬೇಡಿ, ಹಾಳೆ ಪೂರ್ತಿ ಇರಲಿ.

ದೊಡ್ಡದರ ಮೇಲೆ ಚಿಕ್ಕದನ್ನು ಅದೇ ದಿಕ್ಕಿಗೆ ಇಟ್ಟು, ಎರಡರ G ಗೂ ಸೇರಿಸಿ ಪಿನ್ ಚುಚ್ಚಿ. ಚಿಕ್ಕದನ್ನು ಅರ್ಧ ಸುತ್ತು ತಿರುಗಿಸಿ. ಅಷ್ಟೇ. ಚಿಕ್ಕ ತ್ರಿಭುಜದ ಮೂರು ಶೃಂಗಗಳು ದೊಡ್ಡದರ ಮೂರು ಬಾಹುಗಳ ಮಧ್ಯಕ್ಕೆ ಬಂದು ಕೂರುತ್ತವೆ. G ಮಧ್ಯರೇಖೆಯನ್ನು 2:1 ಭಾಗಿಸುತ್ತದೆ ಎಂಬುದನ್ನು ಮಕ್ಕಳು ಮೊದಲೇ ಓದಿರುತ್ತಾರೆ, ಇದು ಅದೇ.

ಈಗ ಚಿಕ್ಕದರ ಎತ್ತರಗಳನ್ನು ನೋಡಲು ಹೇಳಿ. ಅರ್ಧ ಸುತ್ತು ತಿರುಗಿಸಿದರೆ ಯಾವ ಗೆರೆಯೂ ವಾಲುವುದಿಲ್ಲ, ಹಳೆಯ ಗೆರೆಗೆ ಸಮಾಂತರವಾಗಿಯೇ ಉಳಿಯುತ್ತದೆ. A ಯಿಂದ ಇಳಿದ ಎತ್ತರ BC ಗೆ ಲಂಬ. ಅದರ ಚಿಕ್ಕ ಪ್ರತಿಯೂ BC ಗೆ ಲಂಬ, ಆದರೆ ಈಗ ಅದು BC ಯ ಮಧ್ಯಬಿಂದುವಿನಿಂದ ಹೊರಡುತ್ತಿದೆ. ಅಂದರೆ ಅದು BC ಯ ಲಂಬಾರ್ಧಕ, ಅಲ್ವಾ? ಉಳಿದ ಎರಡೂ ಹಾಗೆಯೇ. ಚಿಕ್ಕದರ ಎತ್ತರಗಳೆಲ್ಲ ದೊಡ್ಡದರ ಲಂಬಾರ್ಧಕಗಳಾದವು. ಹಾಗಾಗಿ ಚಿಕ್ಕದರ H ಕೂತ ಜಾಗವೇ ದೊಡ್ಡದರ O. ಪಿನ್ನಿನ ಸುತ್ತ ಅರ್ಧ ತಿರುಗಿದ ಬಿಂದು, ಪಿನ್ನು, ಹೊಸ ಜಾಗ, ಇವು ಮೂರೂ ಒಂದೇ ಗೆರೆಯಲ್ಲಿ ಇರಲೇಬೇಕು. ಸೈಜು ಅರ್ಧವಾದ್ದರಿಂದ GH ಎನ್ನುವುದು GO ದ ಎರಡರಷ್ಟು. ಸಾಧನೆ ಮುಗಿಯಿತು. ತ್ರಿಭುಜದ ಅಳತೆಯನ್ನು ಎಲ್ಲೂ ಬಳಸಲಿಲ್ಲ, ಹಾಗಾಗಿ ಎಲ್ಲ ತ್ರಿಭುಜಕ್ಕೂ ಇದು ನಿಲ್ಲುತ್ತದೆ. ಆಯ್ಲರ್ ಇದನ್ನು ಕಂಡುಕೊಂಡದ್ದು ಬಿಂದುಗಳ ನಡುವಿನ ದೂರಗಳ ಉದ್ದುದ್ದ ಬೀಜಗಣಿತದಿಂದ. ಆ ಪ್ರಬಂಧ 1767ರಲ್ಲಿ ಅಚ್ಚಾಯಿತು. ನನ್ನ ಕ್ಲಾಸಿನ ಹುಡುಗಿಯೊಬ್ಬಳು ಇದನ್ನು ಬೋರ್ಡಿನ ಮೇಲೆ ಐದಾರು ವಾಕ್ಯದಲ್ಲಿ ಬರೆದಳು. ಅದು ನನಗೆ ಹೆಮ್ಮೆ.

ಬರೀ ಚಿತ್ರ ನಂಬಬಾರದು ಎನ್ನುವುದಕ್ಕೂ ಇದೇ ತ್ರಿಭುಜ ಸಾಕು. ಅಂತಃಕೇಂದ್ರವೂ ಈ ಗೆರೆಯ ಮೇಲೆ ಇದೆಯಾ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಇಲ್ಲಿ ಅದು ಗೆರೆಯಿಂದ ಸುಮಾರು 4 ಮಿಲಿಮೀಟರ್ ಆಚೆ ಬೀಳುತ್ತದೆ. ದಪ್ಪ ಮಾರ್ಕರಿನಲ್ಲಿ ಬರೆದ ಒಂದು ಗುಂಪು ಅದನ್ನೂ ಗೆರೆಗೆ ಸೇರಿಸಿಬಿಟ್ಟಿತ್ತು. "ಪಿನ್ ತಿರುಗಿಸಿ, ಅಂತಃಕೇಂದ್ರ ಎಲ್ಲಿಗೆ ಹೋಗುತ್ತೆ ಹೇಳಿ" ಎಂದೆ. ಅದು ಹೋಗುವುದು ಮಧ್ಯಬಿಂದುಗಳ ತ್ರಿಭುಜದ ಅಂತಃಕೇಂದ್ರಕ್ಕೆ, O ಗೆ ಅಲ್ಲ. ಗೆರೆಯ ಮೇಲೆ ಇರಲು ಅದಕ್ಕೆ ಕಾರಣವೇ ಇಲ್ಲ. ಸಮದ್ವಿಬಾಹು ತ್ರಿಭುಜದಲ್ಲಿ ಮಾತ್ರ ಬರುತ್ತದೆ.

ವಿಶಾಲಕೋನದ ತ್ರಿಭುಜಕ್ಕೆ ಜಾಗ ಜಾಸ್ತಿ ಬೇಕು. B(0,0), C(12,0), A(-3,6) ಹಿಡಿದರೆ H ಇರುವುದು (-3,-7.5) ರಲ್ಲಿ, O ಇರುವುದು (6,6.75) ರಲ್ಲಿ. ಎರಡೂ ತ್ರಿಭುಜದ ಹೊರಗೆ. ಪಾದ 12, ಆದರೆ O ದಿಂದ H ಗೆ ಹದಿನೇಳು ಸೆಂಟಿಮೀಟರಿಗೆ ಹತ್ತಿರ. ಅಂಚಿಗೆ ಕತ್ತರಿಸಬೇಡಿ ಎಂದದ್ದು ಇದಕ್ಕೇ.

ಇನ್ನೊಂದು ಆಟ ಇದರಿಂದಲೇ ಹುಟ್ಟಿತು. ಚಿಕ್ಕದರಲ್ಲಿ ಶೃಂಗದಿಂದ H ವರೆಗಿನ ದೂರ ದೊಡ್ಡದರ ಅರ್ಧ. ಹಾಗಾಗಿ ಮೊದಲ ತ್ರಿಭುಜದಲ್ಲಿ O ಯಿಂದ BC ಯ ಮಧ್ಯಕ್ಕೆ 6 ಇದ್ದರೆ AH 12 ಆಗಲೇಬೇಕು. ನೋಡಿ, 15 ರಿಂದ 3 ಕ್ಕೆ 12. ಈಗ B, C ಮತ್ತು ಪರಿವೃತ್ತವನ್ನು ಹಾಗೇ ಇಟ್ಟು A ಯನ್ನು ವೃತ್ತದ ಮೇಲೆ ಸರಿಸುತ್ತಾ ಹೋಗಿ. O ಕದಲುವುದಿಲ್ಲ. H ಯಾವಾಗಲೂ A ಗಿಂತ ನೇರ ಕೆಳಗೆ 12 ಸೆಂಟಿಮೀಟರಿನಲ್ಲೇ ಇರುತ್ತದೆ. ಹಾಗಾಗಿ H ಕೂಡ ಅದೇ ಅಳತೆಯ ಇನ್ನೊಂದು ವೃತ್ತ ಬರೆಯುತ್ತದೆ. G ಬರೆಯುವ ವೃತ್ತದ ತ್ರಿಜ್ಯ ಅದರ ತ್ರಿಜ್ಯದ ಮೂರನೇ ಒಂದು ಭಾಗ. ನಾನು A ಯ ಹತ್ತು ಹನ್ನೆರಡು ಜಾಗಗಳಿಗೆ ಚುಕ್ಕೆ ಹಾಕಿಸುತ್ತೇನೆ. ಅಷ್ಟರಲ್ಲಿ ವೃತ್ತ ಸ್ಪಷ್ಟವಾಗಿ ಕಾಣುತ್ತದೆ. A ಯು B ಅಥವಾ C ಗೆ ತೀರಾ ಹತ್ತಿರ ಬಂದಾಗ ಮಾತ್ರ ಎತ್ತರಗಳು ಕೂಡುವ ಜಾಗ ಕೈಯಲ್ಲಿ ಎಳೆದು ಸಿಗುವುದಿಲ್ಲ, ಅಲ್ಲಿ 12 ಅಳೆದೇ ಚುಕ್ಕೆ ಹಾಕಿಸಿ.