wᵀΣw ಲೆಕ್ಕದಲ್ಲಿ ನಾನು ನಡುವೆ ನಿಂತು ನೋಡುವ ಜಾಗ

ಮೂರು ಅಸೆಟ್‌ಗಳ ಪೋರ್ಟ್‌ಫೋಲಿಯೊ ವೇರಿಯನ್ಸ್ ಎಂದರೆ wᵀΣw. ಇಲ್ಲಿ w ಎಂದರೆ ಅಸೆಟ್‌ಗಳ ಪಾಲುಗಳು, Σ ಎಂದರೆ ಅವುಗಳ ಕೋವೇರಿಯನ್ಸ್ ಮ್ಯಾಟ್ರಿಕ್ಸ್. ಸ್ಪ್ರೆಡ್‌ಶೀಟಿನ ಒಂದೇ ಸೆಲ್‌ನಲ್ಲಿ ಇದು ಮುಗಿದುಹೋಗುತ್ತದೆ. ಆದರೆ ನಾನು ಯಾವತ್ತೂ ಒಂದೇ ಸೆಲ್‌ನಲ್ಲಿ ಮುಗಿಸುವುದಿಲ್ಲ. ಮೊದಲು Σw ಲೆಕ್ಕ ಹಾಕಿ, ಅಲ್ಲಿ ಬರುವ ಮೂರು ಸಂಖ್ಯೆಗಳನ್ನು ನೋಡಿ, ಆಮೇಲೆ ಮುಂದಕ್ಕೆ ಹೋಗುತ್ತೇನೆ. ನನಗೆ ಬೇಕಾದ ಮಾಹಿತಿ ಜಾಸ್ತಿ ಸಿಗುವುದು ಆ ಮೂರು ಸಂಖ್ಯೆಗಳಲ್ಲೇ.

ಷೇರು, ಬಾಂಡ್, ಚಿನ್ನ ಈ ಮೂರನ್ನು ತೆಗೆದುಕೊಳ್ಳೋಣ. ಪಾಲು ಕ್ರಮವಾಗಿ 50, 30, 20 ಪರ್ಸೆಂಟ್. ವರ್ಷದ ಸ್ಟ್ಯಾಂಡರ್ಡ್ ಡೀವಿಯೇಷನ್ 20, 6, 15 ಪರ್ಸೆಂಟ್ ಅಂತಿಟ್ಟುಕೊಳ್ಳಿ. ಕೋರಿಲೇಷನ್ ಷೇರು-ಬಾಂಡ್ ನಡುವೆ 0.1, ಷೇರು-ಚಿನ್ನದ ನಡುವೆ −0.1, ಬಾಂಡ್-ಚಿನ್ನದ ನಡುವೆ 0.2. ಕೈಯಲ್ಲಿ ಲೆಕ್ಕ ಹಾಕಲು ಸುಲಭವಾಗಲಿ ಎಂದು ನಾನೇ ಆರಿಸಿದ ಸಂಖ್ಯೆಗಳಿವು. ಮಾರುಕಟ್ಟೆಯಿಂದ ತೆಗೆದದ್ದಲ್ಲ.

ಮ್ಯಾಟ್ರಿಕ್ಸ್ ತುಂಬುವುದು ಹೀಗೆ. ಕರ್ಣದ ಮೇಲೆ ಒಂದೊಂದರ ಸ್ವಂತ ವೇರಿಯನ್ಸ್ ಬರುತ್ತದೆ, ಅಂದರೆ ಡೀವಿಯೇಷನ್‌ನ ವರ್ಗ: 0.04, 0.0036, 0.0225. ಉಳಿದ ಜಾಗದಲ್ಲಿ ಕೋರಿಲೇಷನ್ ಅನ್ನು ಎರಡೂ ಡೀವಿಯೇಷನ್‌ಗಳಿಂದ ಗುಣಿಸಿ ಬರೆಯಬೇಕು. ಷೇರು-ಬಾಂಡ್‌ಗೆ 0.1 × 0.20 × 0.06 = 0.0012. ಷೇರು-ಚಿನ್ನಕ್ಕೆ −0.003, ಬಾಂಡ್-ಚಿನ್ನಕ್ಕೆ 0.0018. ಕರ್ಣದ ಮೇಲಿನ ಭಾಗ ಕೆಳಗೂ ಹಾಗೇ ಮರುಕಳಿಸುತ್ತದೆ.

```
         ಷೇರು      ಬಾಂಡ್     ಚಿನ್ನ
ಷೇರು     0.0400    0.0012   -0.0030
ಬಾಂಡ್    0.0012    0.0036    0.0018
ಚಿನ್ನ    -0.0030    0.0018    0.0225
```

ಈಗ Σw. ಪ್ರತಿ ಸಾಲನ್ನೂ ಪಾಲುಗಳಿಂದ ಗುಣಿಸಿ ಕೂಡಬೇಕು, ಅಷ್ಟೇ. ಷೇರಿನ ಸಾಲು: 0.04 × 0.5 + 0.0012 × 0.3 − 0.003 × 0.2 = 0.01976. ಹಾಗೆಯೇ ಬಾಂಡಿನ ಸಾಲು 0.00204, ಚಿನ್ನದ ಸಾಲು 0.00354.

ಇಲ್ಲಿ ನಿಲ್ಲುತ್ತೇನೆ. ಈ ಮೂರು ಸಂಖ್ಯೆಗಳು ಏನು? ಒಂದೊಂದೂ ಆಯಾ ಅಸೆಟ್‌ಗೂ ಇಡೀ ಪೋರ್ಟ್‌ಫೋಲಿಯೊಗೂ ನಡುವಿನ ಕೋವೇರಿಯನ್ಸ್. ಚಿನ್ನವನ್ನು ನೋಡಿ. ಅದರ ಸ್ವಂತ ವೇರಿಯನ್ಸ್ ಬಾಂಡಿಗಿಂತ ಆರು ಪಟ್ಟಿಗೂ ಜಾಸ್ತಿ. ಆದರೆ ಪೋರ್ಟ್‌ಫೋಲಿಯೊ ಜೊತೆಗಿನ ಕೋವೇರಿಯನ್ಸ್ ಬಾಂಡಿನ ಎರಡು ಪಟ್ಟೂ ಇಲ್ಲ. ಷೇರಿನ ಜೊತೆಗಿನ ಆ ಸಣ್ಣ −0.003 ಮಾಡಿದ ಕೆಲಸ ಅದು. ಷೇರಿನ ಪಾಲು ಅರ್ಧ ಇರುವುದರಿಂದ ಆ ಒಂದು ಮನೆಗೆ ಇಷ್ಟು ಬಲ. ಚಿನ್ನ ತನ್ನಷ್ಟಕ್ಕೆ ಎಷ್ಟು ಏರಿಳಿಯುತ್ತದೆ ಎನ್ನುವುದಕ್ಕಿಂತ, ನಿಮ್ಮ ಹತ್ತಿರ ಇರುವುದರ ಜೊತೆ ಹೇಗೆ ಏರಿಳಿಯುತ್ತದೆ ಎನ್ನುವುದೇ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬರೀ ಕೊನೆಯ ಉತ್ತರ ನೋಡಿದರೆ ಇದು ಕಾಣುವುದೇ ಇಲ್ಲ.

ಇನ್ನು ಉಳಿದದ್ದು ಆ ಮೂರನ್ನೂ ಮತ್ತೆ ಪಾಲುಗಳಿಂದ ಗುಣಿಸಿ ಕೂಡುವುದು. 0.00988 + 0.000612 + 0.000708 = 0.0112. ಇದು ವೇರಿಯನ್ಸ್. ವರ್ಗಮೂಲ ತೆಗೆದರೆ 0.1058, ಅಂದರೆ ಸುಮಾರು 10.6 ಪರ್ಸೆಂಟ್ ಡೀವಿಯೇಷನ್. ಮೂರರ ಡೀವಿಯೇಷನ್‌ಗಳನ್ನು ಪಾಲಿನ ಪ್ರಕಾರ ಸುಮ್ನೆ ಕೂಡಿದ್ದರೆ 14.8 ಬರುತ್ತಿತ್ತು. 0.0112 ಅನ್ನು 1.12 ಪರ್ಸೆಂಟ್ ಎಂದು ಮಾತ್ರ ಓದಬೇಡಿ. ಅದು ವರ್ಗದ ಅಳತೆ. ರಿಟರ್ನ್‌ಗಳನ್ನು 0.05 ಎನ್ನುವ ಬದಲು 5 ಎಂದು ತುಂಬಿದ್ದರೆ ಅದೇ ಉತ್ತರ 112 ಎಂದು ಬರುತ್ತದೆ, ವರ್ಗಮೂಲ ಮಾತ್ರ ಅದೇ 10.6 ಪರ್ಸೆಂಟ್.

ಕೂಡುವ ಮೊದಲಿನ ಆ ಮೂರು ತುಣುಕುಗಳನ್ನೂ ನಾನು ಬಿಸಾಡುವುದಿಲ್ಲ. ಒಟ್ಟು 0.0112ರಲ್ಲಿ ಷೇರಿನದೇ 0.00988, ಅಂದರೆ 88 ಪರ್ಸೆಂಟ್. ದುಡ್ಡು ಅರ್ಧ, ರಿಸ್ಕ್ ಹೆಚ್ಚುಕಡಿಮೆ ಪೂರ್ತಿ. ಬಾಂಡ್ ಮತ್ತು ಚಿನ್ನದ ಕೊಡುಗೆ ತಲಾ ಐದಾರು ಪರ್ಸೆಂಟ್ ಅಷ್ಟೇ. ಮೂರು ಕಡೆ ಹಂಚಿದ್ದೇನೆ ಎಂದುಕೊಂಡವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಪಾಲು ಬದಲಿಸುವಾಗಲೂ Σw ದಾರಿ ತೋರಿಸುತ್ತದೆ. ಷೇರಿನಿಂದ 10 ಪರ್ಸೆಂಟ್ ತೆಗೆದು ಚಿನ್ನಕ್ಕೆ ಹಾಕಿದರೆ ಏನಾಗಬಹುದು? ವೇರಿಯನ್ಸ್ ಬದಲಾಗುವ ವೇಗ 2Σw. ಹಾಗಾಗಿ 2 × 0.1 × (0.00354 − 0.01976), ಅಂದರೆ 0.0032ರಷ್ಟು ಇಳಿಯಬೇಕು. ಪೂರ್ತಿ ಲೆಕ್ಕ ಮತ್ತೆ ಹಾಕಿದರೆ ಹೊಸ ವೇರಿಯನ್ಸ್ 0.00864, ಅಂದರೆ ಇಳಿದದ್ದು 0.0026 ಮಾತ್ರ. ಅಂದಾಜು ದಿಕ್ಕನ್ನು ಸರಿಯಾಗಿ ಹೇಳಿತು, ಪ್ರಮಾಣವನ್ನು ಸ್ವಲ್ಪ ಜಾಸ್ತಿ ಹೇಳಿತು. ಚಿನ್ನದ ಪಾಲು ಏರಿದಂತೆ ಅದರ ಸ್ವಂತ ವೇರಿಯನ್ಸ್ ಕೂಡ ಜೋರಾಗುತ್ತದೆ, ಅಲ್ವಾ? ಅದಕ್ಕೆ ಸಣ್ಣ ಬದಲಾವಣೆಗೆ ಮಾತ್ರ ಅಂದಾಜು ನಂಬುತ್ತೇನೆ, ದೊಡ್ಡದಕ್ಕೆ ಮರುಲೆಕ್ಕ.

ಕೋಡ್‌ನಲ್ಲೂ ಎರಡು ಹೆಜ್ಜೆಯಲ್ಲೇ ಬರೆಯುತ್ತೇನೆ:

```python
import numpy as np
S = np.array([[ 0.0400, 0.0012, -0.0030],
              [ 0.0012, 0.0036,  0.0018],
              [-0.0030, 0.0018,  0.0225]])
w = np.array([0.5, 0.3, 0.2])
m = S @ w
v = w @ m
print(m, v, np.sqrt(v))
```

ನಿಜವಾದ ಡೇಟಾದಿಂದ Σ ಕಟ್ಟುವಾಗ ಬೆಲೆಯಿಂದಲ್ಲ, ರಿಟರ್ನ್‌ನಿಂದ ಕಟ್ಟಬೇಕು. ತಿಂಗಳ ರಿಟರ್ನ್ ಆದರೆ ಇಡೀ ಮ್ಯಾಟ್ರಿಕ್ಸನ್ನು 12ರಿಂದ ಗುಣಿಸಿ ವರ್ಷಕ್ಕೆ ತರುತ್ತೇನೆ. ಒಂದು ತಿಂಗಳ ರಿಟರ್ನ್‌ಗೂ ಮುಂದಿನ ತಿಂಗಳದಕ್ಕೂ ಸಂಬಂಧ ಇಲ್ಲ ಎಂದುಕೊಂಡಾಗ ಮಾತ್ರ ಇದು ಸರಿ. ಒಂದೊಂದು ಕಾಲಮ್ ಒಂದೊಂದು ಅಸೆಟ್ ಆಗಿದ್ದರೆ `np.cov(R, rowvar=False)` ಎಂದೇ ಬರೆಯಬೇಕು. `rowvar` ಮರೆತರೆ 60 ತಿಂಗಳ ಡೇಟಾಕ್ಕೆ 3×3 ಬದಲು 60×60 ಮ್ಯಾಟ್ರಿಕ್ಸ್ ಬರುತ್ತದೆ. ಎಕ್ಸೆಲ್‌ನಲ್ಲಿ `COVARIANCE.S` ಮತ್ತು `COVARIANCE.P` ಎರಡೂ ಇವೆ. ಮೊದಲನೆಯದು n−1ರಿಂದ ಭಾಗಿಸುತ್ತದೆ, ಎರಡನೆಯದು nನಿಂದ. ಸ್ಯಾಂಪಲ್ ಡೇಟಾಕ್ಕೆ ಮೊದಲನೆಯದೇ ಸರಿ. `np.cov` ಕೂಡ ತಾನಾಗಿ n−1 ಬಳಸುತ್ತದೆ.

ಕಣ್ಣಿಗೆ ಕಾಣದ ತೊಂದರೆ ಒಂದಿದೆ. ಕೋರಿಲೇಷನ್‌ಗಳನ್ನು ಕೈಯಿಂದ ಬದಲಿಸಿ ಪರೀಕ್ಷೆ ಮಾಡುವಾಗ, ಅಥವಾ ಮೂರು ಜೋಡಿಗಳಿಗೆ ಬೇರೆ ಬೇರೆ ದಿನಾಂಕಗಳ ಡೇಟಾ ಸಿಕ್ಕಾಗ ಇದು ಬರುತ್ತದೆ. ಷೇರು-ಬಾಂಡ್ 0.9, ಷೇರು-ಚಿನ್ನ −0.9, ಬಾಂಡ್-ಚಿನ್ನ 0.2 ಎಂದು ತುಂಬಿದೆವು ಅನ್ನಿ. ಒಂದೊಂದೂ −1 ಮತ್ತು 1ರ ನಡುವೆಯೇ ಇದೆ. ಆದರೆ ಬಾಂಡ್ ಷೇರಿನ ಜೊತೆಗೇ ಓಡುತ್ತಿದ್ದು, ಚಿನ್ನ ಷೇರಿನ ವಿರುದ್ಧವೇ ಓಡುತ್ತಿದ್ದರೆ, ಬಾಂಡ್ ಮತ್ತು ಚಿನ್ನ ಒಂದೇ ಕಡೆಗೆ ಹೋಗಲು ಹೇಗೆ ಸಾಧ್ಯ? ಇಂಥ ಮ್ಯಾಟ್ರಿಕ್ಸ್ ಇರಲಾರದು. ಆದರೂ ಪಾಲುಗಳೆಲ್ಲ ಪಾಸಿಟಿವ್ ಇದ್ದರೆ ಇಲ್ಲಿ ಉತ್ತರ ಪಾಸಿಟಿವ್ ಆಗಿಯೇ ಬರುತ್ತದೆ, ನೋಡುವವರಿಗೆ ಅನುಮಾನವೇ ಬರುವುದಿಲ್ಲ. ಶಾರ್ಟ್ ಸೇರಿದ ಕೆಲವು ಪಾಲುಗಳಿಗೆ ಮಾತ್ರ ವೇರಿಯನ್ಸ್ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಆಪ್ಟಿಮೈಸರ್‌ಗೆ ಶಾರ್ಟ್ ಮಾಡಲು ಬಿಟ್ಟರೆ ಅದು ನೇರ ಅಲ್ಲಿಗೇ ಹೋಗುತ್ತದೆ.

ಅದಕ್ಕೇ ಲೆಕ್ಕ ಶುರು ಮಾಡುವ ಮೊದಲು `np.linalg.eigvalsh(S)` ಓಡಿಸುತ್ತೇನೆ. ಮೂರೂ ಐಗನ್‌ವ್ಯಾಲ್ಯೂ ಸೊನ್ನೆಗಿಂತ ಮೇಲಿದ್ದರೆ ಮುಂದಕ್ಕೆ. −1e-18 ಥರದ್ದು ಕಂಡರೆ ಅದು ಕಂಪ್ಯೂಟರಿನ ರೌಂಡಿಂಗ್, ಚಿಂತೆ ಇಲ್ಲ. ಉಳಿದವುಗಳ ಪಕ್ಕ ಎದ್ದು ಕಾಣುವಷ್ಟು ನೆಗೆಟಿವ್ ಇದ್ದರೆ ಮೂರೂ ಅಸೆಟ್‌ಗಳ ಡೇಟಾ ಇರುವ ದಿನಾಂಕಗಳನ್ನಷ್ಟೇ ಉಳಿಸಿಕೊಂಡು Σ ಅನ್ನು ಮತ್ತೆ ಕಟ್ಟುತ್ತೇನೆ.